ಒಂದೇ ವಿಡಿಯೊ ಇದ್ದ ಪ್ಲೇಲಿಸ್ಟ್

ಸಿಡ್ನಿಯ ರೌಸ್ ಹಿಲ್‌ನಲ್ಲಿ ಅಣ್ಣನ ಮನೆಯ ಮೇಲಿನ ಕೋಣೆಗೆ ನಾನು ಬಂದದ್ದು ಫೆಬ್ರವರಿ 2ರಂದು. ಓದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ರೆಂಟ್ ಕೊಡುತ್ತೇನೆ ಎಂದಾಗ ಅಣ್ಣ ನಕ್ಕ. ವೈನಿ, ಅಂದರೆ ನನ್ನ ಅತ್ತಿಗೆ, ನಗಲಿಲ್ಲ. ನನ್ನ ಲ್ಯಾಪ್‌ಟಾಪ್ ನೋಡಿ, "ರೊಕ್ಕ ಬ್ಯಾಡ. ನನ್ನ ಚಾನೆಲ್ ಒಂದೀಟು ನೋಡು" ಅಂದರು.

ವೈನಿ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಒಂಬತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವರು. ಇಲ್ಲಿಗೆ ಬಂದ ಮೇಲೆ ಕಲಿಸುವ ಕೆಲಸ ಸಿಗಲಿಲ್ಲ. ಹಾಗಾಗಿ ಅಡುಗೆಮನೆಯಲ್ಲಿ ಫೋನ್ ನಿಲ್ಲಿಸಿಕೊಂಡು ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಮಾಡುತ್ತ, ಮಾಡುವುದನ್ನು ತರಗತಿಯಲ್ಲಿ ಹೇಳುವ ಹಾಗೆ ಹೇಳುತ್ತಿದ್ದರು. ನಾನು ಬಂದಾಗ ಅರವತ್ತೊಂದು ವಿಡಿಯೊ ಇದ್ದವು. ನೋಡುವವರು ಒಂದನ್ನು ನೋಡಿ ಹೋಗಿಬಿಡುತ್ತಿದ್ದರು.

ನಾನು ಎಣಿಸುವವಳು. ಹತ್ತನೇ ತರಗತಿಯಿಂದ ದಿನಚರಿ ಬರೆಯುತ್ತೇನೆ, ಎಷ್ಟು ಗಂಟೆಗೆ ಎದ್ದೆ, ಎಷ್ಟು ಪುಟ ಓದಿದೆ ಎಲ್ಲ ಇರುತ್ತದೆ. ವೈನಿಯ ಚಾನೆಲ್ಲಿನ ಅಂಕಿಗಳ ಪುಟ ತೆರೆದಾಗ ನನಗೆ ನಿಜವಾಗಿ ಸಂತೋಷವಾಯಿತು. ಒಂದೇ ವಾರದಲ್ಲಿ ರೋಗ ಗೊತ್ತಾಯಿತು. ರೊಟ್ಟಿಯ ವಿಡಿಯೊ ನೋಡಿದವರಿಗೆ ಅದರ ಜೊತೆಯ ಪಲ್ಯ ಎಲ್ಲಿದೆ ಎಂದು ಯಾರೂ ಹೇಳುತ್ತಿರಲಿಲ್ಲ. ಮುಗಿಯುವಾಗ ವೈನಿ "ನಮಸ್ಕಾರ ಎಲ್ಲಾರಿಗೂ" ಎಂದು ಕೈ ಮುಗಿದ ಕೂಡಲೇ ವಿಡಿಯೊ ಪಟ್ಟನೆ ನಿಲ್ಲುತ್ತಿತ್ತು. ನಮಸ್ಕಾರ ಕೇಳಿಸಿತೆಂದರೆ ಮಂದಿ ಎದ್ದು ಹೋಗುತ್ತಾರೆ. ಮದುವೆ ಮನೆಯಲ್ಲೂ ಹಾಗೆಯೇ.

ವೈನಿಗೆ ಮೂರು ಸಂಗತಿ ವಿವರಿಸಿದೆ. ಪ್ಲೇಲಿಸ್ಟ್ ಅಂದರೆ ವಿಡಿಯೊಗಳ ಸರಪಳಿ. ಒಂದು ಮುಗಿದರೆ ಅದರ ಮುಂದಿನದು ತಾನೇ ಶುರುವಾಗುತ್ತದೆ. ಕಾರ್ಡ್ ಅಂದರೆ ವಿಡಿಯೊ ನಡೆಯುತ್ತಿರುವಾಗಲೇ ಮೇಲಿನ ಮೂಲೆಯಲ್ಲಿ ಕ್ಷಣಹೊತ್ತು ಕಾಣುವ ಸಣ್ಣ ಸೂಚನೆ; ಒತ್ತಿದರೆ ಬೇರೆ ವಿಡಿಯೊಗೆ ದಾರಿ. ಎಂಡ್ ಸ್ಕ್ರೀನ್ ಅಂದರೆ ಕೊನೆಯ ಐದರಿಂದ ಇಪ್ಪತ್ತು ಸೆಕೆಂಡಿನಲ್ಲಿ ಪರದೆಯ ಮೇಲೆ ಇಡುವ ಚೌಕಗಳು, ಮುಂದೆ ಏನು ನೋಡಬೇಕೆಂದು ತೋರಿಸುವಂಥವು. ನೋಡಲು ಬಂದವರು ಒಂದರಿಂದ ಇನ್ನೊಂದಕ್ಕೆ ಹೋಗುತ್ತ ಹೆಚ್ಚು ಹೊತ್ತು ಕುಳಿತರೆ ಚಾನೆಲ್ಲಿಗೆ ಒಳ್ಳೆಯದು. ಆ ಕುಳಿತ ಹೊತ್ತನ್ನು ನೇರವಾಗಿ ತೋರಿಸುವ ಅಂಕಿ ನಮಗೆ ಸಿಗುವುದಿಲ್ಲ. ಪ್ಲೇಲಿಸ್ಟ್ ಶುರು ಮಾಡಿದ ಒಬ್ಬರು ಸರಾಸರಿ ಎಷ್ಟು ವಿಡಿಯೊ ನೋಡಿದರು, ಕೊನೆಯ ಚೌಕವನ್ನು ನೂರಕ್ಕೆ ಎಷ್ಟು ಜನ ಒತ್ತಿದರು, ಇವುಗಳಿಂದ ಅಂದಾಜು ಮಾಡಬೇಕು.

"ಅಂದ್ರ ನಮಸ್ಕಾರ ಹೇಳೂದು ಬಿಡಬೇಕಾ?" ವೈನಿ ಕೇಳಿದರು.

"ಹೌದು ವೈನಿ. ಕೊನೇ ಇಪ್ಪತ್ತು ಸೆಕೆಂಡು ಸುಮ್ಮನ ರೊಟ್ಟಿ ತಿರುವ್ಯಾಡ್ಕೋತ ನಿಲ್ರಿ. ಆ ಜಾಗಾದಾಗ ನಾನು ಚೌಕ ಇಡ್ತೀನಿ."

ಅಣ್ಣ ಸೋಫಾದಿಂದಲೇ ಹೇಳಿದ: "ಇಪ್ಪತ್ತು ಸೆಕೆಂಡು ಸುಮ್ಮನಾ? ಲಗ್ನಾಗಿ ಹನ್ನೊಂದು ವರ್ಷಾತು, ನನಗಂತೂ ಸಿಕ್ಕಿಲ್ಲ."

ಮಾರ್ಚ್ ಮೊದಲ ವಾರದ ಹೊತ್ತಿಗೆ ರೊಟ್ಟಿ, ಪಲ್ಯ, ಚಟ್ನಿ, ಹಬ್ಬದ ಅಡುಗೆ ಎಂದು ನಾಲ್ಕು ಪ್ಲೇಲಿಸ್ಟ್ ಮಾಡಿದ್ದೆ. ಮೊದಮೊದಲು ಪ್ಲೇಲಿಸ್ಟ್ ಶುರು ಮಾಡಿದವರು ಒಂದು ವಿಡಿಯೊಗಿಂತ ಸ್ವಲ್ಪವೇ ಹೆಚ್ಚು ನೋಡುತ್ತಿದ್ದರು. ಈಗ ಎರಡರ ಹತ್ತಿರ ಬಂದರು. ವೈನಿ ನನಗೆ ಚಾನೆಲ್ಲಿನ ಸಂಪಾದಕಿಯ ಹಕ್ಕು ಕೊಟ್ಟರು. ವಿಡಿಯೊ ಹಾಕಬಹುದು, ತಿದ್ದಬಹುದು, ಚೌಕ ಇಡಬಹುದು. ಪ್ರಕಟವಾದದ್ದನ್ನು ಅಳಿಸುವ ಹಕ್ಕು ಮಾತ್ರ ಅದರಲ್ಲಿ ಇರುವುದಿಲ್ಲ. ಅವತ್ತು ಆ ಸಾಲನ್ನು ಓದಿ ಮುಂದೆ ಹೋದೆ.

ಮಾರ್ಚ್ 22ರಂದು ನನ್ನನ್ನು ನೋಡಲು ಬಂದರು.

ಹುಡುಗ ಮೆಲ್ಬರ್ನ್‌ನ ಬ್ಯಾಂಕೊಂದರ ಐಟಿಯಲ್ಲಿದ್ದ. ಅವರ ಮೂಲ ದಾವಣಗೆರೆ ಕಡೆ, ಬೆಳೆದದ್ದು ಬೆಂಗಳೂರು. ಅವನ ತಾಯಿ ಮೂರು ತಿಂಗಳಿಗೆಂದು ಬಂದಿದ್ದರು. ತಾಯಿ-ಮಗ ವಿಮಾನ ಹತ್ತಿ ಸಿಡ್ನಿಗೆ ಬಂದರು. ವೈನಿ ಬಾಗಿಲಲ್ಲೇ ಕೇಳಿಬಿಟ್ಟರು: "ಒಂದು ವಿಡಿಯೊ ಮಾಡ್ಕೋಳ್ಲೇನ್ರಿ? ಪರದೇಶದಾಗ ನಮ್ಮ ಪದ್ಧತಿ ಹೆಂಗ ನಡೀತೈತಿ ಅಂತ."

"ಮಾಡಿ ಮಾಡಿ, ನಮ್ಮೂರಲ್ಲೂ ಎಲ್ಲ ನೋಡ್ಲಿ" ಅಂದರು ಅವನ ತಾಯಿ. ಅವನು ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದು ನಿಜ. ಆದರೆ ಫೋನನ್ನು ಎಲ್ಲಿ ನಿಲ್ಲಿಸಿದರೆ ಕಿಟಕಿಯ ಬೆಳಕು ಸರಿಯಾಗಿ ಬೀಳುತ್ತದೆ ಎಂದು ತೋರಿಸಿದ್ದು ನಾನೇ. ಅದೂ ದಿನಚರಿಯಲ್ಲಿದೆ.

ಉಪ್ಪಿಟ್ಟು, ಶಿರಾ, ಚಹಾ. ಟ್ರೇ ಹಿಡಿದು ಬಂದ ನನ್ನನ್ನು ಅವನ ತಾಯಿ ಕೇಳಿದರು, "ಮೆಲ್ಬರ್ನ್ ಚಳಿಗೆ ಬರ್ತೀಯೇನಮ್ಮ?" ನಾನು ತಲೆ ಎತ್ತದೆ "ಬರ್ತೀನಿ" ಅಂದೆ. ಹಾಗೆ ಕೇಳಿದರೆ ಹೇಳುವುದಕ್ಕೆ ಬೇರೆ ಏನು ಇರುತ್ತದೆ? ಎಲ್ಲರೂ ನಕ್ಕರು. ವಿಡಿಯೊದಲ್ಲಿ ಅದು ಒಂಬತ್ತನೇ ನಿಮಿಷ.

ವಿಡಿಯೊದ ಹೆಸರು 'ಆಸ್ಟ್ರೇಲಿಯಾದಾಗ ಕನ್ಯಾ ನೋಡೋದು, ಭಾಗ 1'. 'ಭಾಗ 1' ಎಂದು ಸೇರಿಸಿದ್ದು ನಾನು. ಭಾಗ ಎರಡು ಬರಲಿದೆ ಎಂದರೆ ಮಂದಿ ಕಾಯುತ್ತಾರೆ ಎಂಬ ಲೆಕ್ಕ. 'ನಮ್ಮ ಮನಿ ಮದುವಿ' ಎಂಬ ಐದನೇ ಪ್ಲೇಲಿಸ್ಟ್ ಮಾಡಿ ಅದರಲ್ಲಿ ಇದನ್ನಿಟ್ಟೆ.

ಹತ್ತು ದಿನದಲ್ಲಿ ಅದು ಉಳಿದೆಲ್ಲ ವಿಡಿಯೊಗಳನ್ನು ದಾಟಿತು. ಇಪ್ಪತ್ತೆರಡು ನಿಮಿಷದ ವಿಡಿಯೊವನ್ನು ಜನ ಎಲ್ಲಿಯವರೆಗೆ ನೋಡಿದರು ಎಂದು ತೋರಿಸುವ ಗೆರೆ ಸಾಮಾನ್ಯವಾಗಿ ಇಳಿಯುತ್ತ ಹೋಗುತ್ತದೆ. ಇದರ ಗೆರೆ ಒಂಬತ್ತನೇ ನಿಮಿಷದಲ್ಲಿ ಗುಡ್ಡದಂತೆ ಎದ್ದಿತ್ತು. ನಾನು "ಬರ್ತೀನಿ" ಅನ್ನುವುದನ್ನು ಹಿಂದಕ್ಕೆ ಎಳೆದು ಎಳೆದು ನೋಡಿದ್ದರು.

ನಾನು ಆಗ ಮಾಡಿದ್ದನ್ನು ಯಾರೂ ಹೇಳಿ ಮಾಡಿಸಲಿಲ್ಲ. ಚೆನ್ನಾಗಿ ಓಡುವ ವಿಡಿಯೊಗೆ ಎಲ್ಲ ದಾರಿಯನ್ನೂ ತಿರುಗಿಸಬೇಕು ಎಂದು ಓದಿದ್ದೆ. ಅಷ್ಟು ಹೊತ್ತಿಗೆ ಅಡುಗೆ ವಿಡಿಯೊ ಅರವತ್ತನಾಲ್ಕು ಆಗಿದ್ದವು. ಏಪ್ರಿಲ್ 3ರಿಂದ 6ರವರೆಗೆ ಅಷ್ಟನ್ನೂ ಒಂದೊಂದಾಗಿ ತೆರೆದು, ಎಂಡ್ ಸ್ಕ್ರೀನಿನ ದೊಡ್ಡ ಚೌಕವನ್ನು 'ನಮ್ಮ ಮನಿ ಮದುವಿ'ಗೆ ತಿರುಗಿಸಿದೆ. ಪ್ರತಿ ವಿಡಿಯೊದಲ್ಲೂ ವೈನಿ "ಹಿಟ್ಟು ಹತ್ತು ನಿಮಿಷ ನೆನೀಲಿ" ಅಥವಾ "ಕುದಿ ಬರ್ಲಿ" ಅನ್ನುವ ಜಾಗದಲ್ಲಿ, ಅಂದರೆ ನೋಡುವವರ ಮನಸ್ಸು ಅತ್ತಿತ್ತ ಹೋಗುವ ಜಾಗದಲ್ಲಿ, ಅದೇ ಕಡೆಗೆ ಒಂದು ಕಾರ್ಡ್ ಇಟ್ಟೆ. ರೊಟ್ಟಿ ನೋಡಲಿ, ಬದನೆಕಾಯಿ ನೋಡಲಿ, ಎಲ್ಲರೂ ಕೊನೆಗೆ ಟ್ರೇ ಹಿಡಿದ ನನ್ನ ಮುಂದೆ ಬಂದು ನಿಲ್ಲಬೇಕು.

ಏಪ್ರಿಲ್ 19ರಂದು ಸಂಬಂಧ ಮುರಿಯಿತು.

ಜಗಳವಿಲ್ಲ, ಕಾರಣವೂ ಇಲ್ಲ. ನಾವು ಐದು ಸಲ ಫೋನಿನಲ್ಲಿ ಮಾತಾಡಿದ್ದೆವು. ಅತಿ ಉದ್ದದ್ದು ಹದಿನಾಲ್ಕು ನಿಮಿಷ. ಐದನೆಯ ಸಲ ಅವನೇ, "ನಮಗೆ ಮಾತಾಡೋಕೆ ಏನೂ ಸಿಗ್ತಿಲ್ಲ ಅನ್ಸತ್ತೆ, ಅಲ್ವಾ?" ಅಂದ. "ಹೌದು" ಅಂದೆ. ಫೋನ್ ಇಟ್ಟ ಮೇಲೆ ಹಗುರವಾಗಿ ಕೆಳಗಿಳಿದು ಬಂದು ಹೇಳಿದೆ. ಅಣ್ಣ, "ಹೋಗ್ಲಿ ಬಿಡು" ಅಂದ. ವೈನಿ ಒಲೆ ಆರಿಸಿ ನನ್ನ ಕಡೆ ತಿರುಗಿದರು.

"ಹಂಗಾದ್ರ ಭಾಗ ಎರಡು?"

ತಮಾಷೆ ಎಂದುಕೊಂಡೆ. ಅಲ್ಲ. ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಯೋಜನೆಗೆ ಅರ್ಜಿ ಹಾಕಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ ಎಲ್ಲರಿಗೂ ಕಾಣುವ ವಿಡಿಯೊಗಳನ್ನು ಜನ ಒಟ್ಟು ನಾಲ್ಕು ಸಾವಿರ ಗಂಟೆ ನೋಡಿರಬೇಕು. ವೈನಿ ಅದನ್ನು ಫ್ರಿಜ್ಜಿನ ಮೇಲೆ ಬರೆದು ಅಂಟಿಸಿದ್ದರು. ದುಡ್ಡಿನ ಮಾತು ಅವರು ಎತ್ತಿದ್ದೇ ಇಲ್ಲ. ಒಮ್ಮೆ ಮಾತ್ರ ಅಂದಿದ್ದರು, "ಈ ದೇಶದಾಗ ಯಾರರ ಒಬ್ರು ನನ್ನ ಕೆಲಸ ನೋಡಿ ಪಾಸ್ ಅನ್ಲಿ." ಆ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದುದು ಕನ್ಯಾ ನೋಡುವ ವಿಡಿಯೊದಿಂದ. ಅದನ್ನು ತೆಗೆದರೆ, ಮರೆಮಾಡಿದರೂ ಸರಿ, ಆ ಗಂಟೆಗಳು ಲೆಕ್ಕದಿಂದ ಹೋಗುತ್ತವೆ. ತೆಗೆಯದಿದ್ದರೂ ಒಂದು ವರ್ಷ ದಾಟಿದ ಗಂಟೆಗಳು ದಿನದಿನ ಉದುರುತ್ತವೆ. ಅಷ್ಟರೊಳಗೆ ನಾಲ್ಕು ಸಾವಿರ ಮುಟ್ಟಬೇಕು. ತೆಗೆಯಿರಿ ಎಂದು ನಾನು ಕೇಳಿದಾಗಲೆಲ್ಲ ವೈನಿ ಫ್ರಿಜ್ಜಿನ ಕಡೆ ಬೆರಳು ತೋರಿಸುತ್ತಿದ್ದರು.

ಈ ನಡುವೆ ಪ್ಲೇಲಿಸ್ಟಿನಲ್ಲಿ ಒಂದೇ ವಿಡಿಯೊ. ನೋಡಿ ಮುಗಿಸಿದವರಿಗೆ ನಮ್ಮಲ್ಲಿ ಮುಂದಿನದೇ ಇಲ್ಲ; ವಿಡಿಯೊ ತಾಣವೇ ಅವರನ್ನು ಇನ್ಯಾರದೋ ಮದುವೆಗೆ ಕರೆದುಕೊಂಡು ಹೋಗುತ್ತಿತ್ತು. ಕಾಮೆಂಟುಗಳಲ್ಲಿ ಒಂದೇ ಪ್ರಶ್ನೆ: ಭಾಗ 2 ಎಲ್ಲಿ? ಮೇ ಕೊನೆಗೆ ನಾನು ಎಣಿಸಿದಾಗ ಇನ್ನೂರ ಹದಿಮೂರು ಇದ್ದವು.

ಬೀದಿಯಲ್ಲಿ ನನ್ನ ಗುರುತು ಹಿಡಿದವರನ್ನೂ ಎಣಿಸತೊಡಗಿದೆ. ಹ್ಯಾರಿಸ್ ಪಾರ್ಕಿನ ಭಾರತೀಯ ಅಂಗಡಿಯಲ್ಲಿ ಜೋಳದ ಹಿಟ್ಟಿನ ಪೊಟ್ಟಣ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಮುಂದಿನ ಆಂಟಿ ತಿರುಗಿ ನೋಡಿ, ಮತ್ತೆ ತಿರುಗಿ ನೋಡಿ, ಗಂಡನ ತೋಳು ತಿವಿದರು.

"ರೀ, ಅದೇ ಹುಡುಗಿ! ಏನಮ್ಮಾ, ಮೆಲ್ಬರ್ನ್‌ಗೆ ಹೋಗ್ಲಿಲ್ವಾ?"

"ಇಲ್ಲ ಆಂಟಿ."

"ಯಾಕೆ? ಹುಡುಗ ಚೆನ್ನಾಗಿದ್ನಲ್ಲ!"

ಅಂಕಲ್ ಸಮಾಧಾನ ಹೇಳಿದರು: "ಬಿಡೇ, ಭಾಗ ಎರಡರಲ್ಲಿ ಹೇಳ್ತಾರೆ."

ಅದು ಏಳನೆಯ ಸಲ.

ಜುಲೈ 14ರಂದು ನನಗೆ ಕೆಲಸ ಸಿಕ್ಕಿತು, ಅದೂ ಮೆಲ್ಬರ್ನ್‌ನಲ್ಲಿ, ಡಾಕ್‌ಲ್ಯಾಂಡ್ಸಿನ ಒಂದು ಕಚೇರಿಯಲ್ಲಿ. ದೂರ ಹೋದರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ವಿಡಿಯೊಗೆ ಊರಿಲ್ಲ. ಮೊದಲ ವಾರವೇ ಕಚೇರಿಯ ಅಡುಗೆಕೋಣೆಯಲ್ಲಿ ಮೈಸೂರಿನ ಸಹೋದ್ಯೋಗಿಯೊಬ್ಬಳು ಚಹಾ ಲೋಟ ಹಿಡಿದ ನನ್ನನ್ನು ನೋಡಿ, "ಒಂದ್ನಿಮಿಷ, ನಿನ್ನನ್ನ ಹೀಗೇ ಎಲ್ಲೋ ನೋಡಿದೀನಿ" ಅಂದಳು. ಎಲ್ಲಿ ಎಂದು ಅವಳಿಗೆ ನೆನಪಾಗುವ ಮುಂಚೆ ಲೋಟ ಕೆಳಗಿಟ್ಟೆ. ಪ್ರಯೋಜನವಾಗಲಿಲ್ಲ. "ಅಂತೂ ಮೆಲ್ಬರ್ನ್‌ಗೆ ಬಂದೆ ನೋಡು!" ಎಂದು ಚಪ್ಪಾಳೆ ತಟ್ಟಿದಳು.

ಭಾನುವಾರಗಳಲ್ಲಿ ವೈನಿಯ ಕೆಲಸ ಮುಂದುವರಿದಿತ್ತು. ಹೊಸ ವಿಡಿಯೊ ಬಂದರೆ ಕಾರ್ಡ್ ಇಡುವುದು, ಚೌಕ ಇಡುವುದು. ಆರು ತಿಂಗಳು ಅವರ ಮನೆಯಲ್ಲಿ ಉಂಡಿದ್ದೆ. ಬಿಡುತ್ತೇನೆ ಎನ್ನುವುದು ಹೇಗೆ? ಪ್ರತಿ ಭಾನುವಾರ ನನ್ನದೇ ಕೈಯಿಂದ ಇನ್ನೊಂದು ದಾರಿಯನ್ನು ನನ್ನ ಕಡೆಗೆ ತಿರುಗಿಸುತ್ತಿದ್ದೆ.

ಆಗಸ್ಟ್ 20ರಂದು ಆ ಹುಡುಗನ ಸಂದೇಶ ಬಂತು. ಅವನ ಕಚೇರಿಯೂ ಡಾಕ್‌ಲ್ಯಾಂಡ್ಸಿನಲ್ಲೇ, ನನ್ನದಕ್ಕೆ ಎರಡು ಟ್ರಾಮ್ ನಿಲ್ದಾಣ ಆಚೆ. ಊಟದ ಬಿಡುವಿನಲ್ಲಿ ದೋಣಿಗಳು ಕಟ್ಟಿ ನಿಂತ ಕಡೆ ಬೆಂಚಿನ ಮೇಲೆ ಕುಳಿತೆವು. ಗಾಳಿ ಜೋರಿತ್ತು. ಅವನು ಡಬ್ಬಿ ತೆರೆಯಲೇ ಇಲ್ಲ.

"ನೇರವಾಗಿ ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಎರಡು ಕಡೆಯಿಂದ ಸಂಬಂಧ ಬಂದಿತ್ತು. ಎರಡೂ ಕಡೆಯವ್ರು ಮೊದಲು ಅದನ್ನೇ ನೋಡಿದ್ರು. ಒಬ್ರಂತೂ, 'ಆ ಹುಡುಗಿ ಬರ್ತೀನಿ ಅಂದಿದ್ಲಲ್ಲ, ನೀನ್ಯಾಕೆ ಬಿಟ್ಟೆ' ಅಂತ ಕೇಳಿದ್ರು."

"ನನ್ನನ್ನೂ ಕೇಳ್ತಾರ."

"ಅದನ್ನ ತೆಗೀಬಹುದಲ್ವಾ? ನೀವೇ ನೋಡ್ಕೊಳ್ಳೋದು ಅಂತಿದ್ರು ನಿಮ್ಮ ಅತ್ತಿಗೆ."

ಅಳಿಸುವ ಹಕ್ಕು ನನಗಿಲ್ಲ, ವೈನಿಯನ್ನು ಕೇಳದೆ ಮರೆಮಾಡಲಾರೆ ಎಂದೆ. ಗಂಟೆಗಳ ಕಥೆ ಹೇಳಿದೆ. ಅವನು ಪೂರ್ತಿ ಕೇಳಿದ. ಆ ಐದು ಫೋನುಗಳಲ್ಲಿ ಯಾವುದರಲ್ಲೂ ಆಡದಷ್ಟು ಮಾತು ಆ ಬೆಂಚಿನ ಮೇಲಾಯಿತು, ಇಪ್ಪತ್ತಾರು ನಿಮಿಷ.

"ಅಡುಗೆ ವಿಡಿಯೊ ನೋಡಿದೋರೆಲ್ಲ ಇದಕ್ಕೇ ಬರೋ ಹಾಗೆ ಇದೆಯಲ್ಲ, ಅದು ಹೇಗೆ?" ಎಂದು ಕೇಳಿದ. "ನಮ್ಮಮ್ಮ ಉಪ್ಪಿನಕಾಯಿ ನೋಡ್ತಾ ಕೂತಿದ್ರು, ಕೊನೆಗೆ ನಾನು ಬಂದೆ."

"ಅದು ನಾನು ಮಾಡಿದ್ದು" ಅಂದೆ.

ಅವನು ನನ್ನನ್ನು ನೋಡಿದ. ಬೈದಿದ್ದರೆ ಒಳ್ಳೆಯದಿತ್ತು.

ಭಾನುವಾರ ವೈನಿಗೆ ಫೋನ್ ಮಾಡಿದೆ. ತೆಗೆಯಿರಿ ಎಂದು ಮತ್ತೆ ಹೇಳಿದೆ. ಅವನು ಕೇಳಿದ್ದನ್ನೂ ಹೇಳಿದೆ.

"ಮೂರು ಸಾವಿರದ ಐದುನೂರರ ಮ್ಯಾಲ ಆಗ್ಯಾವು. ಈಗ ತಗದ್ರ ಎಷ್ಟ ಉಳೀತಾವು ನೀನ ಹೇಳು, ಲೆಕ್ಕ ನಿನ್ನ ಕಡೀನ ಐತಿ."

"ಒಂದು ಸಾವಿರದ ನಾಲ್ಕುನೂರು."

"ಮತ್ತ?"

ವಿಡಿಯೊದೊಳಗಿನ ಮುಖವನ್ನು ಮಸುಕು ಮಾಡುವ ಸೌಲಭ್ಯ ಇದೆ, ಗಂಟೆ ಹೋಗುವುದಿಲ್ಲ ಎಂದೆ. ವೈನಿ ಯೋಚಿಸಿದರು. "ಆ ಹುಡುಗಂದು ಮಾಡು. ಪಾಪ, ಬ್ಯಾರೇ ಮಂದಿ, ನಮ್ಮ ಮ್ಯಾಲ ಯಾಕ ಮಾತು."

"ನಂದು?"

"ನಿಂದ?" ವೈನಿ ನಕ್ಕುಬಿಟ್ಟರು. "ಕನ್ಯಾನ ಮಾರಿನ ಮಸುಕಾದ್ರ ಕನ್ಯಾ ನೋಡೂದು ಏನ ಉಳೀತವಾ?"

ಅವನ ಮುಖವನ್ನು ಮಸುಕು ಮಾಡಿದೆ. ವಿಡಿಯೊದಲ್ಲಿ ಈಗ ಒಂದು ಮಂಜಿನ ಗೋಳ ಶಿರಾ ತಿನ್ನುತ್ತಿತ್ತು. ಪಕ್ಕದಲ್ಲಿ ಅವನ ತಾಯಿ, ಎದುರಿಗೆ ನಾನು, ಸ್ಪಷ್ಟವಾಗಿ. ಕಾಮೆಂಟುಗಳು ಹೆಚ್ಚಿದವು: ಹುಡುಗನ ಮುಖ ಯಾಕೆ ಮುಚ್ಚಿದ್ದೀರಿ, ಏನಾಯಿತು? ಆ ವಾರ ನೋಡಿದ ಗಂಟೆಗಳೂ ಹೆಚ್ಚಿದವು. ವೈನಿಗೆ ಸಂತೋಷವಾಯಿತು.

ಸೆಪ್ಟೆಂಬರಿನಲ್ಲಿ ಹೇಳದೆ ಕೇಳದೆ ಒಂದು ಕೆಲಸ ಮಾಡಿದೆ. ಭಾನುವಾರಕ್ಕೆ ಮೂರರಂತೆ ಅಡುಗೆ ವಿಡಿಯೊಗಳ ಕೊನೆಯ ಚೌಕವನ್ನು ತಿರುಗಿಸತೊಡಗಿದೆ. ರೊಟ್ಟಿಯಿಂದ ಪಲ್ಯಕ್ಕೆ, ಪಲ್ಯದಿಂದ ಚಟ್ನಿಗೆ. ಕಾರ್ಡುಗಳನ್ನೂ ತೆಗೆದೆ. ಅಳಿಸಲಾಗದಿದ್ದರೆ ದಾರಿಯನ್ನಾದರೂ ಮುಚ್ಚಬಹುದಲ್ಲ. ಹನ್ನೆರಡು ಮುಗಿದಿದ್ದವು. ಆ ಹನ್ನೆರಡರಲ್ಲಿ ಚೌಕ ಒತ್ತುವವರು ಕಡಿಮೆಯಾದದ್ದನ್ನೂ, ಒತ್ತಿದವರು ಮಾತ್ರ ಎರಡು ಮೂರು ಅಡುಗೆ ನೋಡಿ ಹೋಗುತ್ತಿದ್ದುದನ್ನೂ ಬರೆದಿಟ್ಟುಕೊಂಡೆ. ಒಟ್ಟು ಗಂಟೆ ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಹೆಚ್ಚಿದ್ದರೆ ವೈನಿಗೆ ತೋರಿಸಿ ಗೆಲ್ಲುತ್ತಿದ್ದೆ. ಅಂಕಿ ನನ್ನ ಕಡೆಗಿರಲಿಲ್ಲ. ತಿದ್ದಿ ಬರೆಯುವ ಅಭ್ಯಾಸವೂ ಇಲ್ಲ.

ಸೆಪ್ಟೆಂಬರ್ 28ರಂದು ವೈನಿ ಫೋನ್ ಮಾಡಿದರು. ಅವರು ತಮ್ಮ ವಿಡಿಯೊಗಳನ್ನು ತಾವೇ ಕೊನೆಯವರೆಗೆ ನೋಡುತ್ತಾರೆ, ಉತ್ತರಪತ್ರಿಕೆ ತಿದ್ದುವ ಹಾಗೆ.

"ಹೀರೇಕಾಯಿ ಚಟ್ನಿ ಆದ ಮ್ಯಾಲ ನಿನ್ನ ಮಾರಿ ಬರ್ತಿತ್ತಲ್ಲ. ಈಗ ರೊಟ್ಟಿ ಬರಾಕತ್ತೈತಿ. ಏನರ ಕೆಟ್ಟೈತೇನ ನೋಡು."

ಕೆಟ್ಟಿಲ್ಲ, ನಾನೇ ಬದಲಿಸಿದೆ ಎಂದೆ.

ವೈನಿ ಮೆಲ್ಲಗೆ ಕೇಳಿದರು: "ನನಗ ಬರೂದಿಲ್ಲಂತ ಹಿಂಗ ಮಾಡಿದಿ ಅಲ್ಲ? ನನಗ ತಿಳಿಯೂದಿಲ್ಲಂತ?"

ಅದೇ ಸಂಜೆ ಹನ್ನೆರಡನ್ನೂ ಮೊದಲಿದ್ದ ಹಾಗೆ ತಿರುಗಿಸಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು.

ಮುಂದಿನ ಭಾನುವಾರ, ಯಾವ ಯಾವ ವಿಡಿಯೊ ಬರಲಿವೆ ಎಂದು ನೋಡಲು ನಾವಿಬ್ಬರೂ ಆನ್‌ಲೈನ್‌ನಲ್ಲಿ ಹಂಚಿಕೊಂಡಿದ್ದ ಯೋಜನೆಯ ಹಾಳೆ ತೆರೆದೆ. ವೈನಿ ಹೊಸದಾಗಿ ತುಂಬಿದ್ದರು. ಮೊದಲನೆಯದು ಶೇಂಗಾ ಹೋಳಿಗೆ. ಎರಡನೆಯದು ಕರ್ಚಿಕಾಯಿ. ಮೂರನೆಯದು: ಕನ್ಯಾ ನೋಡೋದು, ಭಾಗ 2, ದೀಪಾವಳಿ.

ದೀಪಾವಳಿಗೆ ಸಿಡ್ನಿಗೆ ಹೋಗಲು ನಾನು ಟಿಕೆಟ್ ಬುಕ್ ಮಾಡಿದ್ದೆ. ನನ್ನನ್ನು ಯಾರಿಗೋ ತೋರಿಸಲಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಹಾಗೆ, ಹೋಳಿಗೆ ಮತ್ತು ಕರ್ಚಿಕಾಯಿಯ ಕೆಳಗಿನ ಸಾಲಿನಲ್ಲಿ.

ಫೋನ್ ಮಾಡಿದೆ. "ವೈನಿ, ಹುಡುಗ ಯಾರು?"

"ಇನ್ನೂ ಯಾರೂ ಇಲ್ಲ" ಅಂದರು ವೈನಿ, ಸಹಜವಾಗಿ. "ನಿಮ್ಮಣ್ಣ ಎರಡು ಕಡೆ ಕೇಳ್ಯಾನ. ತಾರೀಕ ಮೊದಲ ಹಾಕೀನಿ. ಮಾರ್ಚ್ ಬಂತಂದ್ರ ಹಳೇ ಗಂಟೆ ಉದುರಾಕ ಶುರು ಆಗ್ತಾವಲ್ಲ."

"ನನ್ನ ಕೇಳಬೇಕಿಲ್ಲೇನ್ರಿ?"

"ಚಹಾ ಕೊಡೂದು ಅಷ್ಟ. ಆಗ್ಬೇಕಂತ ಎಲ್ಲೈತಿ? ಹೋದ ಸಲ ಆತೇನು?"

ವೈನಿ ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಹೊತ್ತು ಮೇಲೆ ಬಂದವರು. ಅವರ ಮನಸ್ಸಿನಲ್ಲಿ ಅದು ನಿಜವಾಗಿ ಚಹಾ ಕೊಡುವುದು ಅಷ್ಟೇ. ಮದುವೆ ಆದರೆ ಭಾಗ ಮೂರು, ಆಗದಿದ್ದರೆ ಇನ್ನೊಂದು ಭಾಗ ಎರಡು. ಆ ಪ್ಲೇಲಿಸ್ಟ್ ತೆರೆದು ಹೆಸರು ಕೊಟ್ಟವಳು ನಾನು. ತುಂಬಿಸುವವಳೂ ನಾನೇ ಆಗಬೇಕಿತ್ತು. ಟಿಕೆಟ್ ರದ್ದು ಮಾಡುವ ಪುಟವನ್ನು ಆ ವಾರ ನಾಲ್ಕು ಸಲ ತೆರೆದು ಮುಚ್ಚಿದೆ. ಹಬ್ಬಕ್ಕೆ ಹೋಗದಿದ್ದರೆ ಅಣ್ಣನಿಗೆ ಏನು ಹೇಳಲಿ? ಅವನು ಈ ಯಾವುದನ್ನೂ ಗಂಭೀರವಾಗಿ ತೆಗೆದುಕೊಂಡವನೇ ಅಲ್ಲ. "ಏ, ಇಕಿ ನಮ್ಮ ಮನಿ ಹೀರೋಯಿನ್" ಎಂದು ಗೆಳೆಯರಿಗೆ ತೋರಿಸುತ್ತಿದ್ದ.

ಅಕ್ಟೋಬರ್ 12ರ ಬೆಳಿಗ್ಗೆ ಚಾನೆಲ್ ತೆರೆದಾಗ ಪಟ್ಟಿಯಲ್ಲಿ ಆ ವಿಡಿಯೊದ ಪಕ್ಕದ ಗುರುತು ಬದಲಾಗಿತ್ತು. ಎಲ್ಲರಿಗೂ ಕಾಣುವಂಥದ್ದು ಎಂಬುದರ ಜಾಗದಲ್ಲಿ ಬೀಗದ ಚಿತ್ರ. ಒಟ್ಟು ಗಂಟೆ ಮೂರು ಸಾವಿರದ ಎಂಟುನೂರಕ್ಕೆ ಹತ್ತಿರ ಬಂದಿತ್ತು. ನನ್ನ ಲೆಕ್ಕದಲ್ಲಿ ಅದು ಒಂದು ಸಾವಿರದ ಐದುನೂರಕ್ಕೆ ಇಳಿಯಬೇಕು. ತಪ್ಪಿ ಒತ್ತಿರಬೇಕು ಎಂದುಕೊಂಡು ಫೋನ್ ಮಾಡಿದೆ.

"ತಪ್ಪಿಲ್ಲ, ನಾನ ತಗದೀನಿ" ಅಂದರು ವೈನಿ. ದನಿ ಬಿದ್ದಿತ್ತು. "ಆ ಹುಡುಗಗ ಸಂಬಂಧ ಕೂಡೇತಂತ. ಹುಡುಗಿ ತಾಯಿ ನಿನ್ನೆ ಫೋನ್ ಮಾಡಿದ್ಲು. ಮಾರಿ ಮುಚ್ಚಿದ್ರೂ ತಾಯಿ ಕಾಣ್ತಾಳ, ದನಿ ಕೇಳ್ತೈತಿ ಅಂದ್ಲು. 'ನನ್ನ ಮಗಳು ಅಳಾಕತ್ತಾಳ್ರಿ' ಅಂದ್ಲು. ಹೆಣ್ಣು ಹೆತ್ತಾಕಿ ಹಂಗ ಕೇಳಿದ ಮ್ಯಾಲ ಹೆಂಗ ಇಟ್ಕೋಳೂದು?"

ನಾನು ಸಂತೋಷಪಡಬೇಕಿತ್ತು. ಏಪ್ರಿಲ್ 19ರಿಂದ ನಾನು ಎಷ್ಟು ಸಲ ಕೇಳಿದ್ದೆ ಎಂಬುದು ದಿನಚರಿಯಲ್ಲಿದೆ: ಒಂಬತ್ತು. ನೋಡಿಲ್ಲದ ಹುಡುಗಿಯೊಬ್ಬಳ ತಾಯಿ ಕೇಳಿದ್ದು ಒಂದು ಸಲ.

"ನಾನು ಕೇಳಿದಾಗ ಯಾಕ ತಗೀಲಿಲ್ರಿ?"

"ನೀ ಮನಿ ಹುಡುಗಿ ಅಲ್ಲೇನವಾ" ಅಂದರು ವೈನಿ. ಅದು ಉತ್ತರ ಎಂದೇ ಅವರು ನಂಬಿದ್ದರು. ಬಹುಶಃ ಉತ್ತರವೇ ಆಗಿತ್ತು. ಹೊರಗಿನವರಿಗೆ ಕೊಡುವ ಮರ್ಯಾದೆ ಮನೆಯವರಿಗೆ ಬೇಕಾಗುವುದಿಲ್ಲ.

ನಂತರ ವೈನಿ ಅಂದರು, "ಈಗ ಗಂಟೆ ಎಲ್ಲಾ ಹೋದ್ವು. ದೀಪಾವಳಿದು ಛಲೋ ಮಾಡಬೇಕು. ಆ ಪ್ಲೇಲಿಸ್ಟ್ ಖಾಲಿ ಬಿದ್ದೈತಿ, ಹೊಸಾದನ್ನ ಭಾಗ ಒಂದಂತ ಮಾಡೂಣು."

ನಾನು ಹಾಳೆ ತೆರೆದಿದ್ದೆ. ಮೂರನೆಯ ಸಾಲು ಕಣ್ಣೆದುರಿಗೇ ಇತ್ತು. ಅದನ್ನು ಅಳಿಸಲು ನನಗೆ ಹಕ್ಕಿತ್ತು, ಹಾಳೆ ಇಬ್ಬರದೂ. ಆದರೆ ಅಳಿಸಿದರೆ ಹನ್ನೆರಡು ಚೌಕ ತಿರುಗಿಸಿದ ಹಾಗೆಯೇ ಆಗುತ್ತದೆ. ಮತ್ತೆ ಅವರು ಬರೆಯುತ್ತಾರೆ, ಮತ್ತೆ ನಾನು ತಿರುಗಿಸಿ ಕೊಡುತ್ತೇನೆ.

"ವೈನಿ, ನಾನು ಕ್ಯಾಮೆರಾ ಮುಂದ ಚಹಾ ತರೂದಿಲ್ಲ. ದೀಪಾವಳಿಗೂ ಇಲ್ಲ, ಮುಂದೂ ಇಲ್ಲ. ಹಾಳ್ಯಾಗಿಂದು ಆ ಸಾಲು ನೀವ ತಗೀರಿ. ಇಲ್ಲಾ ಅಂದ್ರ ನಾನು ಹಬ್ಬಕ್ಕ ಬರೂದಿಲ್ಲ, ಭಾನುವಾರದ ಕೆಲಸಾನೂ ಮಾಡೂದಿಲ್ಲ."

"ನೀ ಮಾಡ್ಲಿಲ್ಲಂದ್ರ ಅರವತ್ತು ವಿಡಿಯೊದ ಚೌಕ ಯಾರ ಮಾಡಬೇಕು? ಎಲ್ಲಾ ಆ ಖಾಲಿ ಪ್ಲೇಲಿಸ್ಟಿಗೆ ಹೋಗ್ತಾವು. ನನಗ ಬರ್ತೈತೇನು?"

"ಕಲಿಸ್ತೀನಿ."

"ಈ ವಯಸ್ಸಿನಾಗ?"

"ನಿಮಗ ಮೂವತ್ತೊಂಬತ್ತು, ವೈನಿ. ರಸಾಯನಶಾಸ್ತ್ರ ಕಲಿಸಿದವ್ರು."

ಎಂಟು ತಿಂಗಳಲ್ಲಿ ನಾನು ಅವರಿಗೆ ಒಂದು ಸಲವೂ ಕಲಿಸಲು ಹೋಗಿರಲಿಲ್ಲ. ನನ್ನ ಕೈಗೆ ಬೇಗ ಆಗುತ್ತದೆ, ಅವರ ಕೈಗೆ ತಡ ಎಂದುಕೊಂಡಿದ್ದೆ. ನನಗೆ ಮಾತ್ರ ಬರುವ ಕೆಲಸ ಒಂದು ಮನೆಯಲ್ಲಿ ಇರಲಿ ಎಂಬ ಆಸೆಯೂ ಇದ್ದಿರಬೇಕು.

ಹಾಳೆಯಲ್ಲಿ ಅವರ ಬಣ್ಣದ ಗುರುತು ಮೂರನೆಯ ಸಾಲಿನ ಮೇಲೆ ಬಂದು ನಿಂತಿತು. ಕೊನೆಯಿಂದ ಒಂದೊಂದೇ ಅಕ್ಷರ ಹೋಗತೊಡಗಿತು. 'ಕನ್ಯಾ' ಎಂಬಲ್ಲಿ ಸ್ವಲ್ಪ ನಿಂತಿತು. ಆಮೇಲೆ ಅದೂ ಹೋಯಿತು.

"ಆತು. ಹೇಳು, ಎಲ್ಲಿ ಒತ್ತಬೇಕು?" ದನಿಯಲ್ಲಿ ಸಿಟ್ಟಿತ್ತು.

ಅವರ ಪರದೆಯನ್ನು ನನಗೆ ಕಾಣಿಸುವಂತೆ ಮಾಡಿಸಿ, ರೊಟ್ಟಿಯ ವಿಡಿಯೊ ತೆರೆಸಿದೆ. ಖಾಲಿ ಪ್ಲೇಲಿಸ್ಟಿನ ಚೌಕವನ್ನು ಅವರೇ ತೆಗೆದರು. ಹೊಸ ಚೌಕಕ್ಕೆ ಎಣ್ಣಿಗಾಯಿಯ ವಿಡಿಯೊ ಆರಿಸಿದರು. ಅದನ್ನು ಎಳೆದು ಎಳೆದು ನೇರ ತಮ್ಮ ಮುಖದ ಮೇಲೆ ಇಟ್ಟರು.

"ಮಾರಿ ಮುಚ್ತು ವೈನಿ. ಬಲಕ್ಕ ಸರಸ್ರಿ."

"ಇರ್ಲಿ ತಡಿ, ನನಗ ತಿಳೀತೈತಿ." ಸರಿಸಿದರು. ಅದು ರೊಟ್ಟಿಯ ಮೇಲೆ ಕುಳಿತಿತು. ಮತ್ತೆ ಸರಿಸಿದರು. ಹದಿನೇಳು ನಿಮಿಷಕ್ಕೆ ಒಂದು ವಿಡಿಯೊ ಮುಗಿಯಿತು. ಅವತ್ತು ಆದದ್ದು ನಾಲ್ಕು. ಉಳಿದವು ಅರವತ್ತರ ಮೇಲೆ. ನಾಲ್ಕನೆಯದನ್ನು ಉಳಿಸುವ ಗುಂಡಿ ಒತ್ತಿ ವೈನಿ, "ಉಳಿದವು ನಾನು ಮಾಡ್ಕೋತೀನಿ, ನೀ ಹೋಗು" ಎಂದು ಫೋನ್ ಇಟ್ಟರು. ನಮಸ್ಕಾರವನ್ನೂ ಹೇಳಲಿಲ್ಲ, ಊಟ ಆಯಿತೇ ಎಂದೂ ಕೇಳಲಿಲ್ಲ.

ಟಿಕೆಟ್ ರದ್ದು ಮಾಡಲಿಲ್ಲ. ಈ ದೇಶದಲ್ಲಿ ಆ ಮನೆ ಬಿಟ್ಟರೆ ನನಗೆ ಬೇರೆ ಯಾರಿದ್ದಾರೆ? ಆದರೆ ಅಣ್ಣನಿಗೆ ಒಂದು ಸಂದೇಶ ಕಳಿಸಿದೆ: ಹಬ್ಬಕ್ಕೆ ಬರುತ್ತೇನೆ, ಮನೆಗೆ ಯಾರನ್ನಾದರೂ ಕರೆದಿದ್ದರೆ ಈಗಲೇ ಹೇಳು. ಅವನು ನಗುವ ಚಿತ್ರ ಕಳಿಸಿದ. ಅದು ಉತ್ತರವಲ್ಲ, ಹೌದು ಅಥವಾ ಇಲ್ಲ ಅಂತ ಬರೆ ಎಂದು ಮತ್ತೆ ಕಳಿಸಿದೆ.

ನಲವತ್ತು ನಿಮಿಷದ ನಂತರ ಬಂತು: "ಇಲ್ಲ."

ತಾರೀಕು, ವೇಳೆ ಹಾಕಿ ಅದನ್ನು ಬರೆದಿಟ್ಟುಕೊಂಡೆ.